ನೆಹರು ಅಂಗಿಯ ಮೇಲೆ ಜಾಕೀಟು: ಎದೆ, ಮುಂಢಾ ಮತ್ತು ಉದ್ದ

ಲಗ್ನದ ದಿನಗಳು ಬಂದವೆಂದರೆ ಸೋಲಾಪುರ, ಅಕ್ಕಲಕೋಟೆ, ಜತ್ತ ಈ ಭಾಗದ ಬಟ್ಟೆ ಅಂಗಡಿಗಳ ಬಾಗಿಲಲ್ಲಿ ಜಾಕೀಟುಗಳು ಸಾಲಾಗಿ ತೂಗಾಡುತ್ತವೆ. ಮದುಮಗ, ಮದುಮಗನ ಅಣ್ಣ, ಸೋದರಮಾವ, ಎಲ್ಲರಿಗೂ ಒಂದೊಂದು ಬೇಕು. ಹಿಂದೆ ಊರ ಗೌಡರೂ ಶಾಲೆಯ ಹೆಡ್‌ಮಾಸ್ತರರೂ ಮಾತ್ರ ತೊಡುತ್ತಿದ್ದ ಬಟ್ಟೆ ಇದು. ಇದಕ್ಕೆ ಹೆಸರುಗಳೂ ಹಲವು. ನಮ್ಮ ಹಿರಿಯರು ಜಾಕೀಟು ಅಂದರು. ಹಿಂದಿಯವರು ಸದ್ರಿ ಅಥವಾ ಬಂಡಿ ಅಂದರು. ಶಹರದವರು ನೆಹರು ಜಾಕೆಟ್ ಅಂದರು. 2014ರ ನಂತರ ಅದೇ ಬಟ್ಟೆ ಅಂಗಡಿಗಳಲ್ಲಿ ಮೋದಿ ಜಾಕೆಟ್ ಎಂಬ ಹೆಸರಿನಿಂದಲೂ ಮಾರಾಟವಾಯಿತು. ಹೆಸರು ಯಾವುದಾದರೂ ಆಗಲಿ, ತೋಳಿಲ್ಲದ, ನಿಂತ ಪಟ್ಟಿಯ ಕಾಲರಿನ, ಮುಂದೆ ಐದಾರು ಗುಂಡಿಗಳ ಬಟ್ಟೆ ಅದು. ಅದರ ಒಳಗೆ ತೊಡುವ ಕುರ್ತಾವನ್ನು ನಾವು ನೆಹರು ಅಂಗಿ ಅನ್ನುತ್ತೇವೆ. ಇವೆರಡೂ ಒಂದರ ಮೇಲೊಂದು ಸರಿಯಾಗಿ ಕೂರಬೇಕಾದರೆ ಅಳತೆ ಹೇಗಿರಬೇಕು ಎಂಬುದೇ ಇಂದಿನ ನನ್ನ ಮಾತು.

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಈ ಹೊಲಿಗೆಯ ವಿಷಯ ಎಲ್ಲಿಂದ ಬಂತು ಎಂದು ಕೆಲವರಿಗಾದರೂ ಅನಿಸಬಹುದು. ನಮ್ಮ ತಂದೆಯವರದು ಟೇಲರಿಂಗ್. ಮ್ಯಾಟ್ರಿಕ್ ಮುಗಿಯುವವರೆಗೆ ಶಾಲೆ ಬಿಟ್ಟ ಕೂಡಲೇ ನಾನು ಅವರ ಅಂಗಡಿಯಲ್ಲಿ ಕೂತು ಕಾಜಾ ಹಾಕುತ್ತಿದ್ದೆ, ಗುಂಡಿ ಹಚ್ಚುತ್ತಿದ್ದೆ, ಅಳತೆಯ ವಹಿ ಬರೆಯುತ್ತಿದ್ದೆ. ಅಣ್ಣ ಅದೇ ಉದ್ಯೋಗ ಮುಂದುವರಿಸಿದ. ನಿವೃತ್ತಿಯ ಮೇಲೆ ನಾನೂ ಸಂಜೆ ಹೊತ್ತು ಅಲ್ಲಿಯೇ ಹೋಗಿ ಕೂಡುತ್ತೇನೆ.

ಮೊದಲು ಒಂದು ಮಾತು ತಿಳಿದಿರಲಿ. ಜಾಕೀಟಿನ ಎದೆ ಬಿಗಿಯಾದರೆ ಪಕ್ಕದ ಹೊಲಿಗೆ ಬಿಚ್ಚಿ ಸ್ವಲ್ಪ ಬಿಡಬಹುದು. ಉದ್ದ ಹೆಚ್ಚಾದರೆ ಮೇಲಕ್ಕೆ ಮಡಚಬಹುದು. ಆದರೆ ತೋಳು ಹೊರಬರುವ ಕಂಡಿ ಇದೆಯಲ್ಲ, ಅದನ್ನು ನಮ್ಮ ಕಡೆಯ ಟೇಲರುಗಳು ಮುಂಢಾ ಅನ್ನುತ್ತಾರೆ, ಇಂಗ್ಲಿಷ್ ಕಲಿತವರು ಆರ್ಮ್‌ಹೋಲ್ ಅನ್ನುತ್ತಾರೆ, ಅದನ್ನು ಒಮ್ಮೆ ಆಳವಾಗಿ ಕತ್ತರಿಸಿದರೆ ಮುಗಿಯಿತು. ಕತ್ತರಿಸಿ ಬಿದ್ದ ಚೂರು ತಿರುಗಿ ಅಂಟುವುದಿಲ್ಲ. ಮುಂಢಾವನ್ನು ಇಳಿಸಬಹುದು, ಏರಿಸಲಿಕ್ಕೆ ಬರುವುದಿಲ್ಲ. ಆದ್ದರಿಂದ ಜಾಕೀಟು ಹಿಡಿಯುತ್ತದೆ ಎಂದು ಯಾರಾದರೂ ಹೇಳಿದ ಕೂಡಲೇ ಕತ್ತರಿ ಎತ್ತಬಾರದು. ಎಲ್ಲಿ ಹಿಡಿಯುತ್ತದೆ ಎಂದು ಮೊದಲು ಗುರುತಿಸಬೇಕು.

ಈಗ ಎದೆಯ ಮಾತು. ನಮ್ಮಲ್ಲಿ ಆಗುವ ಹೆಚ್ಚಿನ ತೊಂದರೆಗೆ ಕಾರಣ ಒಂದೇ: ಅಳತೆ ಕೊಡುವಾಗ ಗಿರಾಕಿ ಪ್ಯಾಂಟು ಶರ್ಟಿನಲ್ಲಿ ಹೋಗುತ್ತಾನೆ, ಟೇಲರ್ ಆ ಶರ್ಟಿನ ಮೇಲೆಯೇ ಟೇಪು ಹಾಕುತ್ತಾನೆ. ಶರ್ಟು ತೆಳುವು, ಮೈಗೆ ಹತ್ತಿಕೊಂಡಿರುತ್ತದೆ. ನೆಹರು ಅಂಗಿ ಹಾಗಲ್ಲ. ಎದೆ 38 ಇಂಚು ಇರುವವನ ನೆಹರು ಅಂಗಿ ಸಾಮಾನ್ಯವಾಗಿ 43, 44 ಇಂಚು ಸುತ್ತಳತೆ ಇರುತ್ತದೆ. ಹಳೆಯ ಪದ್ಧತಿಯ, ಪಕ್ಕದಲ್ಲಿ ಕಳಿ ಕೂಡಿಸಿದ ಅಂಗಿಯಾದರೆ 48ಕ್ಕೂ ಹೋಗುತ್ತದೆ. ಅಷ್ಟು ಬಟ್ಟೆ ಜಾಕೀಟಿನ ಒಳಗೆ ಎಲ್ಲಿಯಾದರೂ ಮಡಚಿಕೊಂಡು ಕೂಡಬೇಕು. ಆ ಮಡಿಕೆಗೂ ಜಾಗ ಬೇಕು.

ಹಾಗಾದರೆ ಜಾಕೀಟಿಗೆ ಎಷ್ಟು ಸಡಿಲು, ನಮ್ಮ ಮಾತಿನಲ್ಲಿ ಎಷ್ಟು ಸೈಲು, ಇಡಬೇಕು? ಮೈಯ ಅಳತೆಯ ಮೇಲೆ 4 ಇಂಚು ಎಂದು ಲೆಕ್ಕ ಹಿಡಿಯಿರಿ. ಈ ನಾಲ್ಕು ಸುಮ್ಮನೆ ಬಂದದ್ದಲ್ಲ. ಮನುಷ್ಯ ತುಂಬ ಉಸಿರು ಎಳೆದರೆ ಎದೆ ಒಂದೂವರೆಯಿಂದ ಎರಡು ಇಂಚು ಹಿಗ್ಗುತ್ತದೆ. ನೆಹರು ಅಂಗಿಯ ದಪ್ಪ ಮತ್ತು ಮಡಿಕೆಗೆ ಒಂದು ಇಂಚು ಹೋಗುತ್ತದೆ. ಜಾಕೀಟಿನ ಒಳಗಿನ ಅಸ್ತರ ಮತ್ತು ಮುಂಭಾಗದ ಕ್ಯಾನ್ವಾಸು ಮತ್ತೆ ಅರ್ಧದಿಂದ ಒಂದು ಇಂಚು ತಿನ್ನುತ್ತವೆ. ಕೂಡಿಸಿದರೆ ನಾಲ್ಕರ ಹತ್ತಿರ ಬಂತು. ಸೂಟಿನ ಒಳಗೆ, ಶರ್ಟಿನ ಮೇಲೆ ತೊಡುವ ವೇಸ್ಟ್‌ಕೋಟಿಗೆ ಎರಡರಿಂದ ಎರಡೂವರೆ ಇಂಚು ಸಾಕು. ಅದರ ಅಳತೆಯನ್ನೇ ಜಾಕೀಟಿಗೆ ತಂದರೆ ಕೆಲಸ ಕೆಡುತ್ತದೆ.

ಇನ್ನೊಂದು ಸುಲಭದ ದಾರಿ ಇದೆ. ಯಾವ ನೆಹರು ಅಂಗಿಯ ಮೇಲೆ ಜಾಕೀಟು ತೊಡುವಿರೋ ಅದನ್ನೇ ತೊಟ್ಟು ಟೇಲರ್ ಹತ್ತಿರ ಹೋಗಿರಿ. ಅಂಗಿಯ ಮೇಲೆ, ಬಗಲಿನ ಕೆಳಗಿನಿಂದ ಟೇಪು ಸುತ್ತಿಸಿ, ಟೇಪಿನ ಒಳಗೆ ಎರಡು ಬೆರಳು ಇಟ್ಟು ಅಳೆಯಲಿ. 38ರ ಎದೆಗೆ ಅದು 39 ಬಂದೀತು. ಅದಕ್ಕೆ 3 ಕೂಡಿಸಿದರೆ ಅದೇ 42. ಎರಡು ದಾರಿಯಿಂದಲೂ ಉತ್ತರ ಒಂದೇ ಬಂದರೆ ಅಳತೆ ಸರಿಯಿದೆ ಎಂದು ತಿಳಿಯಬೇಕು. ಬ್ಯಾಂಕಿನಲ್ಲಿ ದಿನದ ಕೊನೆಗೆ ನಾವು ಜಮಾ ಖರ್ಚು ತಾಳೆ ನೋಡುತ್ತಿದ್ದ ಹಾಗೆ.

ಸಿದ್ಧ ಜಾಕೀಟು ಕೊಳ್ಳುವವರಿಗೆ ಒಂದು ಎಚ್ಚರಿಕೆ. ಕೊರಳಪಟ್ಟಿಯ ಚೀಟಿಯಲ್ಲಿ 38 ಎಂದೋ 40 ಎಂದೋ ಬರೆದಿರುತ್ತದೆ. ಕೆಲವು ತಯಾರಕರು ತೊಡುವವನ ಮೈಯ ಅಳತೆ ಬರೆಯುತ್ತಾರೆ, ಕೆಲವರು ಬಟ್ಟೆಯ ಅಳತೆ ಬರೆಯುತ್ತಾರೆ. ಚೀಟಿಯನ್ನು ನಂಬಿ ಕೂಡಬೇಡಿರಿ. ಗುಂಡಿಗಳನ್ನೆಲ್ಲ ಹಾಕಿ ಜಾಕೀಟನ್ನು ಅಂಗಡಿಯ ಗಾದಿಯ ಮೇಲೆ ಮಟ್ಟಸವಾಗಿ ಹಾಸಿ, ಒಂದು ಬಗಲಿನಿಂದ ಇನ್ನೊಂದು ಬಗಲಿಗೆ ಟೇಪು ಇಡಿರಿ. 21 ಬಂದರೆ ಸುತ್ತಳತೆ 42. ಅಂಗಡಿಯವರು ಇದಕ್ಕೆ ಬೇಡ ಅನ್ನುವುದಿಲ್ಲ.

ಹೊಟ್ಟೆ ಇರುವವರಿಗೆ ಎದೆಯ ಅಳತೆಯೊಂದೇ ಸಾಲದು. ಐವತ್ತು ದಾಟಿದ ನಮ್ಮಂಥವರಲ್ಲಿ ಎದೆ 40 ಇದ್ದರೆ ಹೊಟ್ಟೆ 42 ಇರುವುದು ಹೊಸತೇನಲ್ಲ. ಅದರ ಮೇಲೆ ಧೋತ್ರ ಉಡುವವರಾದರೆ, ಹೊಕ್ಕುಳ ಹತ್ತಿರ ಸಿಕ್ಕಿಸಿದ ನಿರಿಗೆಯ ಗಂಟು ಬೇರೆ ಇರುತ್ತದೆ. ಅಂಥವರು ಧೋತ್ರ ಉಟ್ಟು, ಅಂಗಿ ತೊಟ್ಟು, ಹೊಟ್ಟೆಯ ಎತ್ತರದ ಜಾಗದಲ್ಲಿಯೂ ಟೇಪು ಸುತ್ತಿಸಬೇಕು, ಅಲ್ಲಿಯೂ 3 ಇಂಚು ಬಿಡಿಸಬೇಕು. ಪೈಜಾಮ ತೊಟ್ಟು ಅಳತೆ ಕೊಟ್ಟು, ಲಗ್ನಕ್ಕೆ ಧೋತ್ರ ಉಟ್ಟು ಹೋದರೆ ಕೆಳಗಿನ ಎರಡು ಗುಂಡಿ ಮುಚ್ಚುವುದಿಲ್ಲ.

ನಮ್ಮ ಸೋಲಾಪುರದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಕ್ರಾಂತಿಗೆ ನಂದಿಧ್ವಜ ಹಿಡಿಯುವವರು ಬಿಳಿ ಬಾರಾಬಂದಿ ತೊಡುತ್ತಾರಲ್ಲ, ಅದಕ್ಕೆ ಈ ತಾಪತ್ರಯ ಕಡಿಮೆ. ಬಾರಾಬಂದಿಗೆ ಗುಂಡಿಯ ಬದಲು ಕಟ್ಟುವ ಕಸೆಗಳಿವೆ. ಮೈ ಹೆಚ್ಚಾದರೆ ಕಸೆಯನ್ನು ಸೈಲಾಗಿ ಕಟ್ಟಿದರಾಯಿತು. ಗುಂಡಿಯ ಜಾಕೀಟಿಗೆ ಆ ಸವಲತ್ತು ಇಲ್ಲ. ಗುಂಡಿ ಎಲ್ಲಿದೆಯೋ ಅಲ್ಲಿಯೇ.

ಇನ್ನು ಮುಂಢಾ. ಇದಕ್ಕೆ ಸ್ವಲ್ಪ ಹೊತ್ತು ಕೊಡುತ್ತೇನೆ, ಏಕೆಂದರೆ ಜಾಕೀಟಿನ ಸುಖ ದುಃಖ ಇಲ್ಲಿಯೇ ಇದೆ.

ನೆಹರು ಅಂಗಿಯ ತೋಳು ಶರ್ಟಿನ ತೋಳಿನ ಹಾಗೆ ಭುಜದ ಮೂಲೆಯಲ್ಲಿ ಕೂಡುವುದಿಲ್ಲ. ಅಂಗಿಯ ಭುಜ ಅಗಲ. ತೋಳಿನ ಹೊಲಿಗೆ ಭುಜದ ಮೂಳೆಯಿಂದ ಕೆಳಗೆ ಇಳಿದಿರುತ್ತದೆ. ಹಳೆಯ ಪದ್ಧತಿಯ ಅಂಗಿಯಲ್ಲಿ ಬಗಲಿಗೆ ಒಂದು ಚೌಕ ತುಂಡೂ ಇರುತ್ತದೆ, ಕೈ ಎತ್ತಿದರೆ ಹರಿಯಬಾರದು ಎಂದು. ಹೀಗಾಗಿ ಬಗಲಿನಲ್ಲಿ ಬಟ್ಟೆ ಹೆಚ್ಚು. ಶರ್ಟಿನ ಮೇಲಿನ ಲೆಕ್ಕದಲ್ಲಿ ಕತ್ತರಿಸಿದ ಮುಂಢಾದೊಳಗೆ ಅಷ್ಟೂ ಬಟ್ಟೆ ತುರುಕಿಕೊಂಡರೆ ಅದು ಬಗಲಿನಲ್ಲಿ ಹಗ್ಗದ ಹಾಗೆ ಹೊಸೆದುಕೊಳ್ಳುತ್ತದೆ. ಅರ್ಧ ಗಂಟೆಯಲ್ಲಿ ಬೆವರು, ಒಂದು ಗಂಟೆಯಲ್ಲಿ ಉರಿ. ಅಕ್ಷತೆ ಬೀಳುವ ಹೊತ್ತಿಗೆ ಮದುಮಗ ಜಾಕೀಟು ಬಿಚ್ಚಲಿಕ್ಕೆ ದಾರಿ ನೋಡುತ್ತಾನೆ.

ಆಳದ ಲೆಕ್ಕ ಹೀಗಿದೆ. ಎದೆಯ ಅಳತೆಯ ಕಾಲು ಭಾಗ ತೆಗೆದುಕೊಳ್ಳಿರಿ. 38ಕ್ಕೆ ಕಾಲು ಭಾಗ ಒಂಬತ್ತೂವರೆ. ಶರ್ಟಿಗೆ ಅನೇಕ ಟೇಲರುಗಳು ಇದರ ಹತ್ತಿರವೇ ನಿಲ್ಲುತ್ತಾರೆ. ಅಂಗಿಯ ಮೇಲಿನ ಜಾಕೀಟಿಗೆ ಇದಕ್ಕೆ ಅರ್ಧದಿಂದ ಮುಕ್ಕಾಲು ಇಂಚು ಕೂಡಿಸಬೇಕು, ಟೇಲರುಗಳ ಮಾತಿನಲ್ಲಿ ನಾಲ್ಕರಿಂದ ಆರು ಸೂತ. ಅಂದರೆ ಭುಜದಿಂದ ನೆಟ್ಟಗೆ ಕೆಳಕ್ಕೆ 10 ಅಥವಾ ಹತ್ತೂಕಾಲು ಇಂಚು. ಹೊಲಿದ ಮೇಲೆ ಕಂಡಿಯ ಸುತ್ತಳತೆ ಇಪ್ಪತ್ತರಿಂದ ಇಪ್ಪತ್ತೊಂದು ಇಂಚಿನೊಳಗೆ ಬರುತ್ತದೆ. ಲೆಕ್ಕ ಬೇಡ ಅನ್ನುವವರಿಗೆ ಬೆರಳಿನ ಪರೀಕ್ಷೆ ಇದೆ. ಅಂಗಿ, ಜಾಕೀಟು ಎರಡೂ ತೊಟ್ಟು ಕೈ ಕೆಳಗೆ ಬಿಡಿರಿ. ಇನ್ನೊಬ್ಬರು ನಿಮ್ಮ ಬಗಲಿಗೂ ಮುಂಢಾದ ತಳಕ್ಕೂ ನಡುವೆ ಎರಡು ಬೆರಳು ಅಡ್ಡ ಇಟ್ಟು ನೋಡಲಿ. ಎರಡು ಬೆರಳು ಸಲೀಸಾಗಿ ಹೋಗಬೇಕು. ಒಂದೇ ಹೋದರೆ ಮೇಲಾಯಿತು. ನಾಲ್ಕು ಹೋದರೆ ಕೆಳಗಾಯಿತು.

ಕೆಳಗಾದರೆ ಏನು ನಷ್ಟ, ಗಾಳಿ ಆಡುತ್ತದಲ್ಲ ಎಂದು ಕೇಳಬಹುದು. ಗಾಳಿ ಆಡುತ್ತದೆ ನಿಜ. ಆದರೆ ಕೈ ಎತ್ತಿದಾಗಲೆಲ್ಲ ಪಕ್ಕದಿಂದ ಅಂಗಿಯ ಬಟ್ಟೆ ಗುಂಪಾಗಿ ಹೊರಗೆ ಬಂದು ಇಣುಕುತ್ತದೆ. ಕೈ ಇಳಿಸಿದರೆ ಒಳಗೆ ಹೋಗುವುದಿಲ್ಲ. ಎದೆಯ ಪಕ್ಕದ ಅಂಚು ಮೈ ಬಿಟ್ಟು ಬಾಯಿ ತೆರೆದ ಹಾಗೆ ನಿಲ್ಲುತ್ತದೆ. ನಾನು ಮೊದಲೇ ಹೇಳಿದಂತೆ ಇದಕ್ಕೆ ದುರಸ್ತಿ ಇಲ್ಲ. ಕೆಲವರು ಅಂಚಿಗೆ ಪಟ್ಟಿ ಕೂಡಿಸಿ ಮುಚ್ಚುತ್ತಾರೆ, ಅದು ಮೂರು ಹೆಜ್ಜೆ ದೂರದಿಂದಲೇ ಗೊತ್ತಾಗುತ್ತದೆ.

ಆಳದ ಜೊತೆಗೆ ಮುಂಢಾದ ಆಕಾರವೂ ಮುಖ್ಯ. ನಮ್ಮ ಕೈಗಳು ಕೆಲಸ ಮಾಡುವುದೆಲ್ಲ ಮುಂದಕ್ಕೆ. ನಮಸ್ಕಾರ ಮಾಡಲಿ, ಊಟ ಮಾಡಲಿ, ಗಾಡಿ ನಡೆಸಲಿ, ತೋಳು ಮುಂದೆ ಬರುತ್ತದೆ. ಆದ್ದರಿಂದ ಮುಂಢಾದ ಮುಂಭಾಗ ಹಿಂಭಾಗಕ್ಕಿಂತ ಅರ್ಧ ಇಂಚಾದರೂ ಹೆಚ್ಚು ಒಳಕ್ಕೆ ಬಾಗಿರಬೇಕು. ಎರಡೂ ಕಡೆ ಒಂದೇ ಕಮಾನು ಕತ್ತರಿಸಿದ ಜಾಕೀಟು ನೆಟ್ಟಗೆ ನಿಂತಾಗ ಚೆಂದ, ಕೈ ಜೋಡಿಸಿದ ಕೂಡಲೇ ತೋಳಿನ ಮುಂದೆ ಮುದುಡುತ್ತದೆ. ಹಾಗೆಯೇ ಜಾಕೀಟಿನ ಭುಜ ಮೈಯ ಭುಜಕ್ಕಿಂತ ಪ್ರತಿ ಪಕ್ಕಕ್ಕೆ ಅರ್ಧ ಇಂಚು ಒಳಗೆ ನಿಲ್ಲಬೇಕು. ಭುಜ ಹೊರಗೆ ಚಾಚಿದ್ದರೆ ಕೈ ಎತ್ತಿದಾಗ ತೋಳು ಅದನ್ನು ಮೇಲೆ ನೂಕುತ್ತದೆ, ಕಾಲರು ಹೋಗಿ ಕಿವಿಗೆ ಬಡಿಯುತ್ತದೆ.

ಈಗ ಮುಖ್ಯ ಪ್ರಶ್ನೆ. ಹಿಡಿಯುವುದು ಎದೆಯೋ ಮುಂಢಾವೋ? ತೊಟ್ಟವನಿಗೆ ಎರಡೂ ಒಂದೇ ಥರ ಅನಿಸುತ್ತವೆ. ಯಾರನ್ನು ಕೇಳಿದರೂ "ಎದಿಗೆ ಹಿಡಿತದ" ಅಂತಲೇ ಹೇಳುತ್ತಾರೆ. ಗುಂಡಿಗಳನ್ನೆಲ್ಲ ಬಿಚ್ಚಿಸಿ ನೋಡಿರಿ. ಬಿಚ್ಚಿದ ಕೂಡಲೇ ಹಗುರಾದರೆ ಎದೆ ಬಿಗಿ. ಗುಂಡಿ ಬಿಚ್ಚಿದರೂ ಬಗಲಿನಲ್ಲಿ, ತೋಳಿನ ಮುಂದೆ ಹಿಡಿಯುತ್ತಲೇ ಇದ್ದರೆ ಮುಂಢಾ ಬಿಗಿ. ಮಡಿಕೆಗಳೂ ಸುಳ್ಳು ಹೇಳುವುದಿಲ್ಲ. ಗುಂಡಿಯಿಂದ ಎರಡೂ ಪಕ್ಕಕ್ಕೆ ಕಿರಣದ ಹಾಗೆ ಗೆರೆ ಹೊರಟರೆ ಅದು ಎದೆಯದು. ಬಗಲಿನಿಂದ ಹೊರಟು ಕೊರಳಿನ ಕಡೆಗೆ ಓರೆಯಾಗಿ ಏರಿದರೆ ಅದು ಮುಂಢಾದ್ದು.

ಒಂದು ಉದಾಹರಣೆ ಹೇಳುತ್ತೇನೆ. ನಮ್ಮ ಓಣಿಯ ಹುಡುಗನೊಬ್ಬನ ಲಗ್ನ ನಾಲ್ಕು ದಿನ ಇತ್ತು. ಶಹರದ ಅಂಗಡಿಯಿಂದ ತಂದ ಜಾಕೀಟು ಹಿಡಿದುಕೊಂಡು ಅಣ್ಣನ ಅಂಗಡಿಗೆ ಬಂದ. ಒಳ್ಳೆಯ ಉಣ್ಣೆ ಬೆರೆತ ಬಟ್ಟೆ, ಬೂದು ಬಣ್ಣ.

"ಕಾಕಾ, ಎದಿಗೆ ಹಿಡಿತದ್ರಿ. ಅಂಗಡಿಯಾಗ ಹಾಕಿ ನೋಡಿದಾಗ ಸರಿ ಇತ್ತು" ಅಂದ.

"ಅಂಗಡಿಯಾಗ ಏನ್ ತೊಟ್ಟಿದ್ದೆಪಾ?" ಎಂದು ಅಣ್ಣ ಕೇಳಿದ.

"ಟೀ ಶರ್ಟ್ ಇತ್ರಿ."

"ಲಗ್ನದಾಗ ತೊಡೋ ನೆಹರು ಅಂಗಿ ಎಲ್ಲದ? ಮನಿಗ್ ಹೋಗಿ ತಗೊಂಡ್ ಬಾ. ಅದನ್ನ ತೊಡೂತನ ನಾ ಕತ್ರಿ ಮುಟ್ಟಾಂವಲ್ಲ."

ಹುಡುಗ ಅಂಗಿ ತಂದು ತೊಟ್ಟ. ಅವನ ಎದೆ 38, ಎತ್ತರ 5 ಅಡಿ 7 ಇಂಚು. ಅಂಗಿಯ ಸುತ್ತಳತೆ 44, ಉದ್ದ 40. ಜಾಕೀಟನ್ನು ಹಾಸಿ ಅಳೆದಾಗ ಸುತ್ತಳತೆ 40, ಮುಂಢಾದ ಆಳ ಒಂಬತ್ತೂವರೆ, ಭುಜ 17, ಉದ್ದ 28 ಬಂದವು. ಶರ್ಟಿನ ಮೇಲೆ ತೊಡುವವನಿಗೆ ಎದೆ ಮುಂಢಾಗಳು ತಕ್ಕ ಅಳತೆಯೇ. ಗುಂಡಿ ಬಿಚ್ಚಿಸಿ ನೋಡಿದೆವು. ಸ್ವಲ್ಪ ಹಗುರಾಯಿತು, ಆದರೆ ಬಗಲು ಬಿಡಲಿಲ್ಲ. ಎರಡೂ ಕಡೆ ತೊಂದರೆ ಇದೆ ಎಂದು ಖಾತ್ರಿಯಾಯಿತು.

ಅಣ್ಣ ಮೊದಲು ಕೈ ಹಚ್ಚಿದ್ದು ಎದೆಗೆ. ಅಸ್ತರವನ್ನು ಪಕ್ಕದಲ್ಲಿ ಬಿಚ್ಚಿ ಒಳಗೆ ಎಷ್ಟು ಬಟ್ಟೆ ಮಡಚಿಟ್ಟಿದ್ದಾರೆ ಎಂದು ನೋಡಿದ. ಹೊಲಿಗೆಯ ಆಚೆ ಉಳಿಸಿದ ಈ ಬಟ್ಟೆಗೆ ಮರಾಠಿ ಟೇಲರುಗಳು ಮಾಯಾ ಅನ್ನುತ್ತಾರೆ. ಹೊಸ ಹೊಲಿಗೆಗೆ ಬೇಕಾದಷ್ಟು ಬಿಟ್ಟು, ಪ್ರತಿ ಅಂಚಿನಲ್ಲಿ ಅರ್ಧ ಇಂಚು ಹೊರಗೆ ತೆಗೆಯಲು ಸಾಧ್ಯವಿತ್ತು. ಎರಡು ಪಕ್ಕ, ಪ್ರತಿ ಪಕ್ಕಕ್ಕೆ ಮುಂದಿನದೂ ಹಿಂದಿನದೂ ಸೇರಿ ನಾಲ್ಕು ಅಂಚು. ನಾಲ್ಕು ಅರ್ಧ ಅಂದರೆ 2 ಇಂಚು. 40 ಇದ್ದದ್ದು 42 ಆಯಿತು. ಉಣ್ಣೆಯ ಬಟ್ಟೆಯಾದ್ದರಿಂದ ಹಳೆಯ ಹೊಲಿಗೆಯ ಸೂಜಿ ತೂತುಗಳು ಒದ್ದೆ ಬಟ್ಟೆ ಹಾಕಿ ಇಸ್ತ್ರಿ ಮಾಡಿದ ಮೇಲೆ ಮುಚ್ಚಿಕೊಂಡವು. ಜರಿಯ ರೇಶ್ಮೆಯಾಗಿದ್ದರೆ ಆ ತೂತುಗಳು ಸಾಲಾಗಿ ಕಾಣುತ್ತಲೇ ಇರುತ್ತಿದ್ದವು. ಅಂಥದ್ದನ್ನು ಬಿಡಿಸಲಿಕ್ಕೆ ಹೋಗದೆ ಅಂಗಡಿಯಲ್ಲಿ ಬದಲಿ ಕೇಳುವುದೇ ಲೇಸು.

ಎದೆ ಬಿಟ್ಟ ಮೇಲೆ ಮುಂಢಾವನ್ನು ಮತ್ತೆ ನೋಡಬೇಕು. ಪಕ್ಕದ ಹೊಲಿಗೆ ಬಿಟ್ಟಾಗ ಮುಂಢಾದ ತಳವೂ ಒಂದಿಷ್ಟು ಅಗಲವಾಗುತ್ತದೆ. ಕೆಲವೊಮ್ಮೆ ಅಷ್ಟರಲ್ಲಿಯೇ ಸಾಕಾಗಿ ಕತ್ತರಿಯ ಕೆಲಸ ಬೀಳುವುದಿಲ್ಲ. ಇವನಿಗೆ ಸಾಕಾಗಲಿಲ್ಲ. ಅಣ್ಣ ಸೀಮೆಸುಣ್ಣದಿಂದ ತಳದಲ್ಲಿ ಅರ್ಧ ಇಂಚು ಕೆಳಗೆ, ಮುಂಭಾಗದಲ್ಲಿ ಕಾಲು ಇಂಚು ಒಳಗೆ ಗೆರೆ ಎಳೆದ. ಭುಜದಲ್ಲಿ ಎರಡೂ ಕಡೆ ಅರ್ಧರ್ಧ ಇಂಚು ಒಳಕ್ಕೆ ತಂದ, 17 ಇದ್ದದ್ದು 16 ಆಯಿತು. ಗೆರೆಯ ಮೇಲೆ ಬಟ್ಟೆಯನ್ನು ಒಳಕ್ಕೆ ಮಡಚಿ ಕಚ್ಚಾ ಹೊಲಿಗೆ ಹಾಕಿ, ಅಂಗಿಯ ಮೇಲೆ ತೊಡಿಸಿ, ಕೈ ಜೋಡಿಸು, ಕೈ ಎತ್ತು, ಕೆಳಗೆ ಬಿಡು ಎಂದು ಮಾಡಿಸಿದ. ಇನ್ನೂ ಒಂದೇ ಬೆರಳು ಹೋಗುತ್ತಿತ್ತು. ಮತ್ತೆ ಕಾಲು ಇಂಚು ಇಳಿಸಿದ. ಈಗ ಹತ್ತೂಕಾಲು ಆಯಿತು, ಎರಡು ಬೆರಳು ಹೋದವು. ಅಲ್ಲಿಗೆ ನಿಲ್ಲಿಸಿದ. ಆಮೇಲೆಯೇ ಕತ್ತರಿ. ಹುಡುಗ "ಇನ್ನಷ್ಟು ಸೈಲ್ ಮಾಡ್ರಿ ಕಾಕಾ" ಅಂದರೂ ಕೇಳಲಿಲ್ಲ. ತೊಟ್ಟು ಎರಡು ದಿನ ಮನೆಯಲ್ಲಿ ಓಡಾಡು, ಹಿಡಿದರೆ ಬಾ, ಇಳಿಸುವ ದಾರಿ ಯಾವಾಗಲೂ ತೆರೆದಿದೆ ಎಂದು ಹೇಳಿ ಕಳಿಸಿದ. ಅವನು ಮತ್ತೆ ಬರಲಿಲ್ಲ. ಲಗ್ನದ ಮೆರವಣಿಗೆಯಲ್ಲಿ ಮಾತ್ರ ಕಂಡ. ಕುದುರೆಯ ಮೇಲೆ ಕೂತು ಎರಡೂ ಕೈ ಎತ್ತಿ ಕುಣಿಯುವವರಿಗೆ ಹುರುಪು ಕೊಡುತ್ತಿದ್ದ, ಪಕ್ಕದಿಂದ ಅಂಗಿ ಹೊರಗೆ ಬಂದಿರಲಿಲ್ಲ.

ಮೂರನೆಯದು ಉದ್ದ. ಈ ಹುಡುಗನ ಜಾಕೀಟು 28 ಇಂಚು ಇತ್ತು ಅಂದೆನಲ್ಲ, ಅದನ್ನು ಇಪ್ಪತ್ತಾರೂವರೆಗೆ ತಂದೆವು. ಉದ್ದವನ್ನು ಅಳೆಯುವುದು ಕೊರಳಿನ ಬದಿಯ ಭುಜದಿಂದ ಎದೆಯ ಮೇಲೆ ಹಾದು ಕೆಳ ಅಂಚಿನವರೆಗೆ. ಕೈ ಇಳಿಬಿಟ್ಟು ನೆಟ್ಟಗೆ ನಿಂತಾಗ ಅಂಚು ಮಣಿಕಟ್ಟಿನ ಮೂಳೆಗೂ ಹೆಬ್ಬೆರಳಿನ ಬುಡಕ್ಕೂ ನಡುವೆ ಬಂದರೆ ಸರಿ. ಅದಕ್ಕಿಂತ ಕೆಳಗೆ ಹೋದರೆ ತೋಳು ಕಿತ್ತ ಕೋಟಿನ ಹಾಗೆ ಕಾಣುತ್ತದೆ. ಮೇಲೆ ಹೋದರೆ ಸೂಟಿನ ಒಳಗಿನ ವೇಸ್ಟ್‌ಕೋಟಿನ ಹಾಗೆ ಸೊಂಟಕ್ಕೆ ನಿಂತು, ಕೆಳಗೆ ಅಂಗಿ ಲಂಗದ ಹಾಗೆ ಹರಡುತ್ತದೆ.

ಉದ್ದವನ್ನು ಅಂಗಿಯ ಜೊತೆಗೇ ನೋಡಬೇಕು, ಒಂಟಿಯಾಗಿ ಅಲ್ಲ. ಮೊಳಕಾಲು ಮುಟ್ಟುವ 40 ಇಂಚಿನ ಅಂಗಿಯಲ್ಲಿ ಇಪ್ಪತ್ತಾರೂವರೆ ಜಾಕೀಟು ಮುಚ್ಚಿದರೆ ಹದಿಮೂರೂವರೆ ಕಾಣುತ್ತದೆ, ಅಂದರೆ ಮೂರರಲ್ಲಿ ಎರಡು ಪಾಲು ಮುಚ್ಚಿ ಒಂದು ಪಾಲು ಹೊರಗೆ. ಇದು ಕಣ್ಣಿಗೆ ಹಿತ. ಈಗಿನ ಹುಡುಗರು 30, 32 ಇಂಚಿನ ಗಿಡ್ಡ ಕುರ್ತಾ ತೊಡುತ್ತಾರೆ. ಅದರ ಮೇಲೆ ಇದೇ ಜಾಕೀಟು ತೊಟ್ಟರೆ ಕೆಳಗೆ ನಾಲ್ಕೈದು ಇಂಚು ಮಾತ್ರ ಇಣುಕಿ, ಪ್ಯಾಂಟಿನೊಳಗೆ ಸಿಕ್ಕಿಸಲು ಮರೆತ ಶರ್ಟಿನ ಹಾಗೆ ಕಾಣುತ್ತದೆ. ಗಿಡ್ಡ ಕುರ್ತಾಕ್ಕೆ ಜಾಕೀಟನ್ನೂ 24, 25ಕ್ಕೆ ಇಳಿಸಬೇಕು. ಒಂದೇ ಜಾಕೀಟು ಎರಡಕ್ಕೂ ಆಗಲಿ ಎಂಬ ಆಸೆ ಬೇಡ.

ನಮ್ಮ ಕಡೆಯವರಿಗೆ ಇನ್ನೊಂದು ಪರೀಕ್ಷೆ ಅವಶ್ಯ. ಲಗ್ನದಲ್ಲಿ ಮದುಮಗ ಕುರ್ಚಿಯ ಮೇಲಿಗಿಂತ ಮಣೆಯ ಮೇಲೆ ಹೆಚ್ಚು ಹೊತ್ತು ಕೂಡುತ್ತಾನೆ. ಕನ್ನಡಿಯ ಮುಂದೆ ನಿಂತು ನೋಡಿದರೆ ಸಾಲದು. ಅಂಗಡಿಯಲ್ಲಿಯೇ ಚಕ್ಕಳಮಕ್ಕಳ ಹಾಕಿ ನೆಲದ ಮೇಲೆ ಕೂಡಿರಿ. ಜಾಕೀಟು ಉದ್ದವಾಗಿದ್ದರೆ ಮುಂದಿನ ಅಂಚು ತೊಡೆಗೆ ತಾಗಿ ಇಡೀ ಬಟ್ಟೆ ಮೇಲಕ್ಕೆ ನೂಕಿ ಬರುತ್ತದೆ, ಕಾಲರು ಗದ್ದಕ್ಕೆ ಚುಚ್ಚುತ್ತದೆ. ಕೂತಾಗ ಕೆಳಗಿನ ಒಂದು ಗುಂಡಿ ಬಿಚ್ಚಿದರೆ ಸರಿಹೋಗುವಷ್ಟು ಇದ್ದರೆ ಚಿಂತೆಯಿಲ್ಲ. ಎರಡು ಗುಂಡಿ ಬಿಚ್ಚಬೇಕಾದರೆ ಉದ್ದ ಹೆಚ್ಚಾಗಿದೆ ಎಂದೇ ಅರ್ಥ. ಈ ಕಾರಣಕ್ಕೇ ನಾವು ನೆಲದ ಮೇಲೆ ಕೂಡುವವರಿಗೆ ಅರ್ಧ ಇಂಚು ಕಡಿಮೆಯೇ ಹೊಲಿಯುತ್ತೇವೆ.

ಹೊಟ್ಟೆ ಮುಂದೆ ಬಂದವರಿಗೆ ಅಂಚು ಮುಂದೆ ಎತ್ತರ, ಹಿಂದೆ ತಗ್ಗು ಕಾಣುತ್ತದೆ. ಅವರಿಗೆ ಮುಂಭಾಗವನ್ನೇ ಒಂದು ಇಂಚು ಉದ್ದ ಕತ್ತರಿಸಬೇಕು. ಬೆನ್ನು ಬಾಗಿದ ಹಿರಿಯರಿಗೆ ಇದರ ವಿರುದ್ಧ, ಹಿಂಭಾಗ ಹೆಚ್ಚು ಬೇಕು. ಸಿದ್ಧ ಜಾಕೀಟಿನಲ್ಲಿ ಇವೆರಡೂ ಸಿಗುವುದಿಲ್ಲ. ಇಂಥವರು ಹೊಲಿಸಿಕೊಳ್ಳುವುದೇ ಸರಿ.

ಉದ್ದ ಕಡಿಮೆ ಮಾಡಿಸುವವರು ಕಿಸೆಯನ್ನು ಮರೆಯಬಾರದು. ಅಂಚು ಮೇಲೆ ಬಂದರೂ ಕೆಳಗಿನ ಕಿಸೆಗಳು ಇದ್ದಲ್ಲಿಯೇ ಇರುತ್ತವೆ. ಒಂದೂವರೆ ಇಂಚಿನವರೆಗೆ ಕಣ್ಣಿಗೆ ಗೊತ್ತಾಗುವುದಿಲ್ಲ. ಎರಡು ದಾಟಿದರೆ ಕಿಸೆಗಳು ಅಂಚಿನ ಮೇಲೆ ಜಾರಿ ಬೀಳುವ ಹಾಗೆ ಕಾಣುತ್ತವೆ. ಒಳಗಿನ ಕಿಸೆಯ ಚೀಲವನ್ನೂ ಅಷ್ಟೇ ಗಿಡ್ಡ ಮಾಡಿಸಬೇಕು, ಇಲ್ಲದಿದ್ದರೆ ಅದು ಅಂಚಿನಿಂದ ಹೊರಗೆ ನೇತಾಡುತ್ತದೆ.

ಕಿಸೆಯ ಮಾತು ಬಂತು, ಇನ್ನೊಂದನ್ನೂ ಹೇಳಿಬಿಡುತ್ತೇನೆ. ನೆಹರು ಅಂಗಿಯ ಪಕ್ಕದ ಕಿಸೆ ಜಾಕೀಟಿನ ಕೆಳಗೆ ಮುಚ್ಚಿಹೋಗುತ್ತದೆ. ಬ್ಯಾಂಕಿನ ಕೌಂಟರಿನ ಮುಂದೆ ನಿಂತು ಜಾಕೀಟನ್ನು ಎದೆಯವರೆಗೆ ಎತ್ತಿ ಹಿಡಿದು ಅಂಗಿಯ ಕಿಸೆಯಿಂದ ಪಾಸ್‌ಬುಕ್ ಎಳೆಯುತ್ತಿದ್ದ ಹಿರಿಯರನ್ನು ನಾನು ಎಷ್ಟೋ ವರ್ಷ ನೋಡಿದ್ದೇನೆ. ಹಿಂದೆ ನಿಂತವರಿಗೆ ಆ ಕಿಸೆಯಲ್ಲಿ ಎಷ್ಟಿದೆ ಎಂಬುದೂ ಗೊತ್ತಾಗುತ್ತಿತ್ತು. ಜಾಕೀಟಿನ ಎರಡೂ ಪಕ್ಕಕ್ಕೆ ಕೆಳಗೆ ಮೂರು ಇಂಚಿನ ಸೀಳು ಬಿಡಿಸಿದರೆ ಕೈ ಸಲೀಸಾಗಿ ಒಳಗೆ ಹೋಗುತ್ತದೆ, ಕೂತಾಗ ಅಂಚು ಮೇಲೇಳುವುದೂ ಕಡಿಮೆಯಾಗುತ್ತದೆ. ಹಣ ಇಡಲಿಕ್ಕೆ ಎಡಗಡೆಯ ಅಸ್ತರದಲ್ಲಿ ಗುಂಡಿ ಇರುವ ಒಳಕಿಸೆ ಹಾಕಿಸಿಕೊಳ್ಳಿರಿ.

ಖಾದಿ ಬಟ್ಟೆ ತಂದು ಹೊಲಿಸುವವರಿಗೆ ಕೊನೆಯದಾಗಿ ಒಂದು ಸೂಚನೆ. ಹತ್ತಿಯ ಖಾದಿ ಮೊದಲ ಸಲ ನೀರು ಬಿದ್ದಾಗ ಕುಗ್ಗುತ್ತದೆ. ಬಟ್ಟೆಯನ್ನೂ ಹತ್ತಿಯ ಅಸ್ತರವನ್ನೂ ಬೇರೆ ಬೇರೆ ಒಂದು ರಾತ್ರಿ ತಣ್ಣೀರಿನಲ್ಲಿ ನೆನೆಯಿಟ್ಟು, ಹಿಂಡದೆ ನೆರಳಿನಲ್ಲಿ ಒಣಗಿಸಿ, ಇಸ್ತ್ರಿ ಮಾಡಿಸಿ ಆಮೇಲೆ ಟೇಲರ್ ಕೈಗೆ ಕೊಡಿರಿ. ಕೊಡುವಾಗ ಪಕ್ಕದ ಹೊಲಿಗೆಯಲ್ಲಿ ಒಂದೊಂದು ಇಂಚು ಮಾಯಾ ಬಿಡಲು ಹೇಳಿರಿ. ಬರುವ ವರ್ಷ ನಿಮ್ಮ ಮೈ ಹೆಚ್ಚಾದರೆ ಅದು ಉಪಯೋಗಕ್ಕೆ ಬರುತ್ತದೆ.